ಪದಚರ್ಚೆ: ‘ಪ್ಯಾರಾಫ್ರೇಸ್’ಗೆ ಏನನ್ನೋಣ? ನಾಳೆ 11ಕ್ಕೆ ಪ್ರಿಂಟ್

ಶರಣಮ್ಮ, ಕಲಬುರಗಿ

ಎಲ್ಲರಿಗೂ ಶರಣು. ಅವಸರದ ಪ್ರಶ್ನೆ. ನಮ್ಮ ಸಮಾಜಶಾಸ್ತ್ರ ವಿಭಾಗದ ಗೋಡೆಗೆ ಒಂದು ಹಾಳೆ ಅಂಟಿಸಬೇಕು. ಪ್ರಬಂಧ ಬರೆಯುವ ಮಕ್ಕಳಿಗೆ ಕೃತಿಚೌರ್ಯದ ಬಗ್ಗೆ ಸೂಚನೆ. ಸೂಪರ್ ಮಾರ್ಕೆಟ್ ಹತ್ತಿರದ ಡಿಟಿಪಿ ಅಂಗಡಿಯವನು ನಾಳೆ 11ರ ಒಳಗೆ ಕೊಡಿ ಎಂದಿದ್ದಾನೆ. ಎರಡು ಪದ ಬೇಕು: ಬೇರೆಯವರ ವಿಚಾರವನ್ನು ನಮ್ಮ ಮಾತಲ್ಲಿ ಹೇಳುವ ‘ಪ್ಯಾರಾಫ್ರೇಸ್’ ಮತ್ತು ಒಬ್ಬರ ಮಾತನ್ನು ಇನ್ನೊಬ್ಬರ ಪುಸ್ತಕದಿಂದ ತಗೊಂಡಾಗ ಬರೆಯುವ ‘ಆ್ಯಸ್ ಸೈಟೆಡ್ ಇನ್’.

ಯಾಕೆ ಅಂದ್ರೆ, ಕಳೆದ ವಾರ ಬಂದ ಒಂದು ಪ್ರಬಂಧ ನೋಡಿ. ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ ಬಗ್ಗೆ ಪಠ್ಯದಲ್ಲಿ ಇರುವುದು:

“ಲೌಕಿಕ ವಸ್ತುಗಳ ಚಿಂತೆ ಸಂತನ ಹೆಗಲ ಮೇಲೆ ಬೇಕೆಂದಾಗ ತೆಗೆದೆಸೆಯಬಹುದಾದ ಹಗುರ ಮೇಲುವಸ್ತ್ರದಂತೆ ಇರಬೇಕಿತ್ತು, ಆದರೆ ವಿಧಿ ಅದನ್ನು ಕಬ್ಬಿಣದ ಪಂಜರವಾಗಿಸಿತು.”

ಹುಡುಗ ಬರೆದದ್ದು:

“ಪ್ರಾಪಂಚಿಕ ಸಾಮಗ್ರಿಗಳ ಕಾಳಜಿ ಸಾಧುವಿನ ಭುಜದ ಮೇಲೆ ಇಷ್ಟ ಬಂದಾಗ ಬಿಸಾಡಬಹುದಾದ ತೆಳು ಹೊದಿಕೆಯಂತೆ ಇರಬೇಕಿತ್ತು, ಆದರೆ ಹಣೆಬರಹ ಅದನ್ನು ಉಕ್ಕಿನ ಬೋನಾಗಿಸಿತು (ವೆಬರ್, 1905).”

ಇದು ಪ್ಯಾರಾಫ್ರೇಸ್ ಅಲ್ಲ ಎಂದರೆ “ಒಂದು ಪದವೂ ಹಾಗೇ ಇಲ್ಲವಲ್ಲ ಮೇಡಂ” ಅನ್ನುತ್ತಾನೆ. ‘ಭಾವಾನುವಾದ’ ಎಂದು ಹಾಕಲೇ?

ಪ್ರಸನ್ನ, ಬೆಂಗಳೂರು

ಬೇಡ. ಭಾವಾನುವಾದ ಒಂದು ನುಡಿಯಿಂದ ಇನ್ನೊಂದಕ್ಕೆ. ‘ಮರುನುಡಿತ’ ಎನ್ನಿ. ಪದದ ಬೇರೂ ಕನ್ನಡದ್ದೇ, ಕೊನೆಗೆ ಸೇರುವ ‘ತ’ವೂ ಕನ್ನಡದ್ದೇ. ‘ಕೃತಿಚೌರ್ಯ’ ಕೂಡ ಬೇಡ, ‘ಬರಹಗಳವು’ ಸಾಕು.

ಮೀನಾಕ್ಷಿ, ಬೀದರ್

ಮರುನುಡಿತ ಎಂದರೆ ಮಕ್ಕಳು ಅದನ್ನೇ ಮತ್ತೆ ನುಡಿಯುತ್ತಾರೆ. ಈ ಹುಡುಗ ಮಾಡಿದ್ದೂ ಅದನ್ನೇ.

ಶರಣಮ್ಮ, ಅವನ ಪದಗಳನ್ನು ಬಿಟ್ಟು ಕೀಲುಗಳನ್ನು ನೋಡಿ. ‘ಇರಬೇಕಿತ್ತು; ಆದರೆ … ಆಗಿಸಿತು’ ಹಾಗೇ ಇದೆ. ಹೋಲಿಕೆ ಅದೇ, ಕ್ರಮ ಅದೇ. ಕನ್ನಡದಲ್ಲಿ ಈ ಆಟ ಬಹಳ ಸುಲಭ. ಎಲ್ಲದಕ್ಕೂ ನಮ್ಮಲ್ಲಿ ಜೋಡಿ ಇದೆ: ಹೆಗಲು-ಭುಜ, ವಿಧಿ-ಹಣೆಬರಹ. ಸಂಸ್ಕೃತದ ಬದಲು ಕನ್ನಡ, ಕನ್ನಡದ ಬದಲು ಸಂಸ್ಕೃತ ಹಾಕುತ್ತಾ ಹೋದರೆ ಇಡೀ ಪುಸ್ತಕವನ್ನೇ ‘ಸ್ವಂತ’ ಮಾಡಿಕೊಳ್ಳಬಹುದು. ಪ್ರಸನ್ನ ಅವರು ‘ಕೃತಿಚೌರ್ಯ’ವನ್ನು ‘ಬರಹಗಳವು’ ಮಾಡಿದ್ದೂ ಅದೇ ಕೆಲಸ, ಸಿಟ್ಟಾಗಬೇಡಿ.

ನಾನು ಪಾಠ ಮಾಡುವಾಗ ಪುಸ್ತಕ ಮುಚ್ಚಿಸುತ್ತಿದ್ದೆ. ಹತ್ತು ನಿಮಿಷ ಬಿಟ್ಟು, ಪಕ್ಕದವನಿಗೆ ಹೇಳು ನೋಡೋಣ ಅನ್ನುತ್ತಿದ್ದೆ. ಆಗ ಬರುವುದು ಹೀಗಿರುತ್ತದೆ: “ಮೊದಲು ದುಡಿಮೆಯ ಶಿಸ್ತಿಗೆ ಧರ್ಮದ ಕಾರಣ ಇತ್ತು. ಧರ್ಮ ಹಿಂದೆ ಸರಿದ ಮೇಲೂ ಆ ಶಿಸ್ತು ಉಳಿಯಿತು, ಈಗ ಯಾರೂ ಅದನ್ನು ಆರಿಸಿಕೊಳ್ಳುವುದಿಲ್ಲ, ಅದರೊಳಗೇ ಹುಟ್ಟುತ್ತಾರೆ ಎನ್ನುವುದು ವೆಬರ್ ವಾದ.” ಬಟ್ಟೆಯೂ ಇಲ್ಲ, ಸಂತನೂ ಇಲ್ಲ, ವಾದ ಇದೆ. ಆಮೇಲೆ ಪುಸ್ತಕ ತೆಗೆದು ತಪ್ಪಿದೆಯಾ ನೋಡಬೇಕು. ಮೂಲದ ಉಲ್ಲೇಖ ಆಗಲೂ ಕೊಡಲೇಬೇಕು, ವಿಚಾರ ನಮ್ಮದಲ್ಲವಲ್ಲ. ‘ಕಬ್ಬಿಣದ ಪಂಜರ’ ಎಂಬ ಮಾತು ಬೇಕೇ ಬೇಕಾದರೆ ಉದ್ಧರಣ ಚಿಹ್ನೆ ಹಾಕಿ, ಪುಟಸಂಖ್ಯೆ ಕೊಡಿ. ಪಾರಿಭಾಷಿಕ ಪದಕ್ಕೆ ಪರ್ಯಾಯ ಹುಡುಕುವುದೇ ತಪ್ಪು.

ಬಸವರಾಜ, ಸೇಡಂ

ಇಷ್ಟೆಲ್ಲ ಯಾಕೆ? ಯುಜಿಸಿ 2018ರ ನಿಯಮ ಓದಿ. ಸತತ 14 ಪದ ಒಂದೇ ಇದ್ದರೂ ನಡೆಯುತ್ತದೆ. ಒಟ್ಟು 10 ಶೇಕಡಾವರೆಗೆ ಶಿಕ್ಷೆ ಇಲ್ಲ. ಹುಡುಗ ಪಾಸ್.

ಅಷ್ಟಕ್ಕೂ ನಮ್ಮ ಮಳಖೇಡದ ಕವಿರಾಜಮಾರ್ಗವೇ ದಂಡಿಯ ಕಾವ್ಯಾದರ್ಶದಿಂದ ಎಷ್ಟೋ ತಗೊಂಡಿದೆ. ಅದನ್ನೂ ಸಾಫ್ಟ್‌ವೇರ್‌ಗೆ ಹಾಕೋಣವೇ?

ಮೀನಾಕ್ಷಿ, ಬೀದರ್

14 ಪದದ ಮಾತು ಇರುವುದು ಸಾಮಾನ್ಯ ತಿಳಿವಳಿಕೆಗೆ, ಆಕಸ್ಮಿಕವಾಗಿ ಹೊಂದುವ ಪದಗಳಿಗೆ. ಎತ್ತಿಕೊಳ್ಳಲು ಕೊಟ್ಟ ಪರವಾನಗಿ ಅಲ್ಲ. 10 ಶೇಕಡಾ ಸಾಫ್ಟ್‌ವೇರ್ ಎಣಿಸುವ ಹೋಲಿಕೆ. ಇಂಗ್ಲಿಷ್ ಪುಸ್ತಕವನ್ನು ಸಾಲುಸಾಲಾಗಿ ಕನ್ನಡಕ್ಕೆ ಇಳಿಸಿ ಹೆಸರು ಹೇಳದಿದ್ದರೆ ಹೋಲಿಕೆ ಸೊನ್ನೆಯೂ ಬರಬಹುದು. ಆದರೂ ಕಳವೇ. ನಮ್ಮ ಕಡೆ ಜಾಸ್ತಿ ನಡೆಯುವುದು ಇದೇ.

ಕವಿರಾಜಮಾರ್ಗದ ಕಾಲದ ಶಾಸ್ತ್ರ ಬೇರೆ. ಅದನ್ನು ಇಲ್ಲಿಗೆ ಎಳೆಯಬೇಡಿ.

ಮಲ್ಲಣ್ಣ, ಯಾದಗಿರಿ

ಎರಡನೇ ಪದವನ್ನು ಎಲ್ಲರೂ ಮರೆತಿರಿ. ನಮ್ಮ ಅಪ್ಪ ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಓದಿದವರು. ಉರ್ದುವಿನಲ್ಲಿ ‘ಹವಾಲಾ’ ಎಂದರೆ ಆಧಾರ, ಉಲ್ಲೇಖ. ‘ಬಹವಾಲಾ’ ಎಂದು ಬರೆದು ಪುಸ್ತಕದ ಹೆಸರು ಹಾಕಿದರೆ ಆಯಿತು, ಇಂಥದರ ಆಧಾರದಿಂದ ಎಂದು. ಹವಾಲ್ದಾರನೂ ಅದೇ ಮನೆಯವನು. ಹೈದರಾಬಾದಿನ ಉಸ್ಮಾನಿಯಾದಲ್ಲಿ 1917ರಲ್ಲೇ ತರ್ಜುಮೆಗೆಂದು ಇಲಾಖೆ ಇತ್ತು, ವಿಜ್ಞಾನವನ್ನೂ ಉರ್ದುವಿನಲ್ಲಿ ಕಲಿಸಿದರು. ನಾವು ಇನ್ನೂ ಪದ ಹುಡುಕುತ್ತಿದ್ದೇವೆ.

ಪ್ರಸನ್ನ, ಬೆಂಗಳೂರು

ಗೋಡೆ ಮೇಲೆ ‘ಹವಾಲಾ’ ಎಂದು ಬರೆದರೆ ಪೊಲೀಸರು ಬರುತ್ತಾರೆ. ಎರವಲು ಪದ ಬೇಡವೇ ಬೇಡ.

ಮಲ್ಲಣ್ಣ, ಯಾದಗಿರಿ

‘ಪೊಲೀಸ್’ ಯಾವ ಭಾಷೆ ಸಾಹೇಬರೇ?

ಗುರುನಾಥ, ಆಳಂದ

ನನ್ನ ಕಥೆ ಕೇಳಿ. ನಾನು ಪಿಎಚ್‌ಡಿ ಪ್ರಬಂಧದ ಗ್ರಂಥಋಣದಲ್ಲಿ ವೆಬರ್ 1905 ಎಂದು ಜರ್ಮನ್ ಹೆಸರಿನ ಸಮೇತ ಹಾಕಿದ್ದೆ. ಚೆನ್ನಾಗಿ ಕಾಣ್ತಿತ್ತು, ಅದಕ್ಕೇ. ವೈವಾದಲ್ಲಿ ಹೊರಗಿನ ಪರೀಕ್ಷಕರು ತಣ್ಣಗೆ “ಜರ್ಮನ್ ಎಲ್ಲಿ ಕಲಿತಿರಿ?” ಎಂದರು. ನಾನು ನೀರಿನ ಗ್ಲಾಸ್ ನೋಡುತ್ತಾ ಕೂತೆ. “ಇಂಗ್ಲಿಷ್ ಅನುವಾದ ಯಾರದು?” ಅದೂ ಗೊತ್ತಿರಲಿಲ್ಲ. ನಾನು ಓದಿದ್ದು ಗಿಡನ್ಸ್ ತನ್ನ ಪುಸ್ತಕದಲ್ಲಿ ವೆಬರ್ ಬಗ್ಗೆ ಬರೆದ ಎರಡು ಅಧ್ಯಾಯ ಅಷ್ಟೇ. ಪದ ಯಾವುದಾದರೂ ಹಾಕಿ, ಇದನ್ನು ಮಾತ್ರ ಮಕ್ಕಳಿಗೆ ಹೇಳಿ.

ಮೀನಾಕ್ಷಿ, ಬೀದರ್

ಗುರುನಾಥ ಹೇಳಿದ್ದೇ ಮುಖ್ಯ. ಶರಣಮ್ಮ, ನಿಮ್ಮ ಹುಡುಗನ ‘(ವೆಬರ್, 1905)’ ಅವನ ಪದಗಳಿಗಿಂತ ದೊಡ್ಡ ತಪ್ಪು. ‘ಕಬ್ಬಿಣದ ಪಂಜರ’ ವೆಬರ್ ಬರೆದ ಮಾತಲ್ಲ. ಅದು 1930ರಲ್ಲಿ ಟಾಲ್ಕಟ್ ಪಾರ್ಸನ್ಸ್ ಇಂಗ್ಲಿಷಿಗೆ ತಂದಾಗ ಹುಟ್ಟಿದ್ದು. ಜರ್ಮನ್‌ನಲ್ಲಿ ಇರುವುದು ಉಕ್ಕಿನಷ್ಟು ಗಟ್ಟಿಯಾದ ಕವಚ ಎಂಬರ್ಥದ ಮಾತು. ಪಂಜರದೊಳಗೆ ಇರುವವನು ಹೊರಗಿನವನು ಇದ್ದಂತೆಯೇ ಇರುತ್ತಾನೆ, ಬಂಧಿ ಅಷ್ಟೇ. ಕವಚ ಒಳಗಿನ ಜೀವವನ್ನೇ ಬೇರೆ ಮಾಡುತ್ತದೆ, ಆಮೆಯ ಚಿಪ್ಪಿನ ಹಾಗೆ. ಅರ್ಥವೇ ಬೇರೆ ಅಲ್ವಾ? ಸಮಾನಾರ್ಥಕ ಹುಡುಕುತ್ತಾ ಹುಡುಗ ‘ಉಕ್ಕು’ ಎಂದದ್ದು ಮೂಲಕ್ಕೆ ಹತ್ತಿರ ಹೋಗಿದೆ, ಕುರುಡನ ಕೋಲು ಗುರಿಗೆ ತಗುಲಿದಂತೆ! ಹಗುರ ಬಟ್ಟೆಯ ಹೋಲಿಕೆಯೂ ವೆಬರ್‌ದಲ್ಲ, ಬ್ಯಾಕ್ಸ್ಟರ್ ಎಂಬ ಪ್ಯೂರಿಟನ್ ಪಾದ್ರಿಯದು ಎಂದು ವೆಬರ್ ತಾನೇ ಹೇಳುತ್ತಾನೆ. ಬ್ಯಾಕ್ಸ್ಟರ್, ವೆಬರ್, ಪಾರ್ಸನ್ಸ್, ಪಠ್ಯದ ಲೇಖಕ, ಹುಡುಗ: ಐದು ಕೈ ದಾಟಿದೆ.

ಅದಕ್ಕೇ ಯಾವ ಕೈಯಿಂದ ತಗೊಂಡಿರೋ ಆ ಕೈ ಹೇಳಬೇಕು. ಎಪಿಎ ಎಂಬ ಉಲ್ಲೇಖ ಪದ್ಧತಿಯಲ್ಲಿ ಪ್ರಬಂಧದ ಒಳಗೆ ಇಬ್ಬರ ಹೆಸರೂ ಬರುತ್ತವೆ, ಕೊನೆಯ ಪಟ್ಟಿಯಲ್ಲಿ ನೀವು ಕೈಯಲ್ಲಿ ಹಿಡಿದ ಪುಸ್ತಕ ಮಾತ್ರ. ಗಿಡನ್ಸ್ 1971 ಓದಿದ್ದರೆ ಪಟ್ಟಿಯಲ್ಲಿ ಗಿಡನ್ಸ್, ವೆಬರ್ ಇಲ್ಲ. ವೆಬರ್ ಪುಸ್ತಕ ಲೈಬ್ರರಿಯಲ್ಲೇ ಸಿಗುತ್ತದೆ ಎಂದಾದರೆ ಈ ದಾರಿಯೇ ಬೇಡ, ಹೋಗಿ ಆ ಪುಟ ತೆಗೆದು ನೋಡಲಿ.

ಪದ: ‘ಉದ್ಧೃತ’ ಬೇಡ, ಅದು ಇದ್ದದ್ದನ್ನು ಇದ್ದ ಹಾಗೇ ಎತ್ತಿದ್ದಕ್ಕೆ ಮಾತ್ರ. ಮಲ್ಲಣ್ಣನವರ ‘ಬಹವಾಲಾ’ ಒಳಗಿನ ಅರ್ಥ ಸರಿ. ನಾನಾದರೆ ‘ಮೂಲಕ’ ಎನ್ನುತ್ತೇನೆ: (ವೆಬರ್, 1905, ಗಿಡನ್ಸ್, 1971ರ ಮೂಲಕ).

ಪ್ರಸನ್ನ, ಬೆಂಗಳೂರು

‘ಮೂಲ’ ಸಂಸ್ಕೃತ. ‘ಬೇರು’ ಇದೆ.

ಶರಣಮ್ಮ, ಕಲಬುರಗಿ

‘ಗಿಡನ್ಸ್ ಬೇರಿನಿಂದ’ ಅಂತ ಹಾಕಿದರೆ ತೋಟಗಾರಿಕೆ ವಿಭಾಗದವರು ಹಾಳೆ ಕಿತ್ತುಕೊಂಡು ಹೋಗುತ್ತಾರೆ ಸರ್. ‘ಮೂಲಕ’ ಹಾಕಿದ್ದೇನೆ. ಮೊದಲನೆಯದಕ್ಕೆ ‘ಸ್ವಂತ ಮಾತಿನ ನಿರೂಪಣೆ’, ತೃಪ್ತಿ ಇಲ್ಲ. ಒಳ್ಳೆಯದು ಸಿಕ್ಕರೆ ಮುಂದಿನ ವರ್ಷ ಬದಲಿಸುತ್ತೇನೆ. ಹುಡುಗನಿಗೆ ಬುಧವಾರದವರೆಗೆ ಸಮಯ ಕೊಟ್ಟಿದ್ದೇನೆ, ಪುಸ್ತಕ ನನ್ನ ಮೇಜಿನ ಮೇಲೇ ಇದೆ.

ಡಿಟಿಪಿ ಹುಡುಗ ಪ್ರೂಫ್ ಕಳಿಸಿದ್ದಾನೆ. ದಪ್ಪ ಅಕ್ಷರದಲ್ಲಿ, ‘ಕೃತಿಚಾತುರ್ಯ ಶಿಕ್ಷಾರ್ಹ’ ಎಂದಿದೆ. ಈಗಲೇ ಓಡಬೇಕು.