ಇಒಕ್ಯೂ 35 ಬರ್ತಿದೆ, ಐದು ದಿನಕ್ಕೊಂದು ಆರ್ಡರ್ ಹಾಕ್ಬೇಕಾ?

ಗದಗ_ಸ್ಪೇರ್ಸ್: ಟ್ರ್ಯಾಕ್ಟರ್ ಆಯಿಲ್ ಫಿಲ್ಟರ್ ಒಂದು ಸಲಕ್ಕೆ ಎಷ್ಟು ತರಿಸಿದ್ರೆ ಒಟ್ಟು ಖರ್ಚು ಕಡಿಮೆ ಅಂತ ಇಒಕ್ಯೂ ಲೆಕ್ಕ ಹಾಕ್ತಿದ್ದೇನೆ. ಬೇಡಿಕೆ 200, ಒಂದು ಆರ್ಡರ್ ಖರ್ಚು 300, ಖರೀದಿ ದರ 500, ಇಟ್ಟುಕೊಳ್ಳುವ ಖರ್ಚು ವರ್ಷಕ್ಕೆ 20%. ಸೂತ್ರ ಸರಿಯಾಗೇ ಇದೆ, ಆದರೂ 35 ಬರ್ತಿದೆ. ಹುಬ್ಬಳ್ಳಿ ಡೀಲರ್ ನಗ್ತಾನೆ. ತಲೆ ಕೆಟ್ಟಿದೆ.

```
=SQRT(2*B1*B2/B3)
```

ಲೆಕ್ಕದ_ಗೌಡ: 20% ಜಾಸ್ತಿಯಾಯ್ತು. ಅಂಗಡಿ ಸ್ವಂತದ್ದಲ್ವಾ? ಬಾಡಿಗೆ ಇಲ್ಲ ಅಂದ್ಮೇಲೆ 10% ಹಾಕಿ.

ಗದಗ_ಸ್ಪೇರ್ಸ್: ಹಾಕಿದೆ. 49 ಬಂತು.

ಲೆಕ್ಕದ_ಗೌಡ: ಹಾಗಾದ್ರೆ 5% ಹಾಕಿ ನೋಡಿ.

ಧಾರವಾಡ_ಸ್ಟೋರ್ಸ್: ಗೌಡ್ರೇ, ಬಾಡಿಗೆ ಇಲ್ಲದಿದ್ರೂ ಮಾಲಿನಲ್ಲಿ ಸಿಕ್ಕ ದುಡ್ಡಿಗೆ ಬಡ್ಡಿ ಇದೆಯಲ್ಲ. ದರ ಅರ್ಧ ಮಾಡಿದ್ರೂ ಉತ್ತರ 1.4 ಪಟ್ಟು ಅಷ್ಟೇ ಏರುತ್ತದೆ, ವರ್ಗಮೂಲ ನೋಡಿ. ಸ್ಪೇರ್ಸ್ ಅವರೇ, ಆ 200 ವರ್ಷದ್ದೋ ತಿಂಗಳದ್ದೋ?

ಗದಗ_ಸ್ಪೇರ್ಸ್: ತಿಂಗಳದ್ದೇ ರೀ. ವರ್ಷಕ್ಕೆ 200 ಮಾರಿದ್ರೆ ಅಂಗಡಿ ಯಾಕೆ ಇಡ್ಬೇಕು?

ಧಾರವಾಡ_ಸ್ಟೋರ್ಸ್: ಗಂಟು ಇಲ್ಲೇ ಇದೆ. B3ಯಲ್ಲಿ ಒಂದು ಫಿಲ್ಟರಿಗೆ ವರ್ಷಕ್ಕೆ 100 ರೂಪಾಯಿ, B1ರಲ್ಲಿ ತಿಂಗಳ ಬೇಡಿಕೆ. B1ಕ್ಕೆ 2400 ಹಾಕಿ, 120 ಬರುತ್ತದೆ. ತಾಳೆ ನೋಡೋದು ಸುಲಭ. 120ರಂತೆ ತಂದರೆ ವರ್ಷಕ್ಕೆ 20 ಆರ್ಡರ್, 6000 ರೂಪಾಯಿ. ಅಂಗಡಿಯಲ್ಲಿ ಸರಾಸರಿ 60 ಇರುತ್ತವೆ, ಅದಕ್ಕೂ 6000. ಎರಡೂ ಸಮ ಬಂದರೆ ಲೆಕ್ಕ ಸರಿ. 35ಕ್ಕೆ ನೋಡಿ: ಆರ್ಡರಿಗೆ 20,500ರ ಮೇಲೆ, ಇಡೋದಕ್ಕೆ 1750. ಇಷ್ಟು ಅಂತರ ಕಂಡರೆ ಎಲ್ಲೋ ಅಳತೆ ಬೆರೆತಿದೆ ಅಂತಲೇ.

ಗದಗ_ಸ್ಪೇರ್ಸ್: ಬಂತು 120! ಆದ್ರೆ ಡೀಲರ್ 50ರ ಪೆಟ್ಟಿಗೆ ಒಡೆಯಲ್ಲ.

ಧಾರವಾಡ_ಸ್ಟೋರ್ಸ್: 100 ತಂದರೆ ವರ್ಷಕ್ಕೆ ಒಟ್ಟು 12,200, 150 ತಂದರೆ 12,300. 120ಕ್ಕೆ 12,000. ಈ ವ್ಯತ್ಯಾಸಕ್ಕೆ ನಿದ್ದೆ ಕೆಡಿಸಿಕೊಳ್ಳಬೇಡಿ, ಎರಡು ಪೆಟ್ಟಿಗೆ ತನ್ನಿ.

ಬ್ಯಾಡಗಿ_ಮೆಣಸಿನಕಾಯಿ: ನಾವು ಸೀಜನ್ನಿನಲ್ಲೇ ಪೂರ್ತಿ ಖರೀದಿಸಿ ಕೋಲ್ಡ್ ಸ್ಟೋರೇಜಿಗೆ ಹಾಕಿಬಿಡ್ತೇವೆ. ಈ ಸೂತ್ರ ಗೀತ್ರ ಏನೂ ಬೇಕಾಗಿಲ್ಲ. ನಮ್ಮ ಚೀಲದ ಸಾಲು ನೋಡಿದ್ರೆ ಗೊತ್ತಾಗುತ್ತೆ!

ಧಾರವಾಡ_ಸ್ಟೋರ್ಸ್: ಅಣ್ಣಾ, ನಿಮ್ಮ ಮಾಲು ಬರೋದೇ ಸೀಜನ್ನಿಗೆ, ದರವೂ ಏರಿಳಿಯುತ್ತೆ. ವರ್ಷವಿಡೀ ಒಂದೇ ದರಕ್ಕೆ ಸಿಕ್ಕು, ಒಂದೇ ಸಮನೆ ಖರ್ಚಾಗೋ ಮಾಲಿಗೆ ಈ ಸೂತ್ರ.

ಲೆಕ್ಕದ_ಗೌಡ: ಹಾಗಾದ್ರೆ ಫಿಲ್ಟರ್ ಒಂದೇ ಸಮನೆ ಹೋಗುತ್ತಾ? ಬಿತ್ತನೆ ಹೊತ್ತಿಗೆ ಎರಡು ಪಟ್ಟು ಹೋಗುತ್ತೆ. 20% ಬಗ್ಗೆಯೂ ನಾನು ಒಪ್ಪಿಲ್ಲ.

ಧಾರವಾಡ_ಸ್ಟೋರ್ಸ್: ಬಿತ್ತನೆ ಮಾತು ನಿಜ, ಆ ತಿಂಗಳುಗಳ ಲೆಕ್ಕ ಬೇರೆ ಮಾಡ್ಬೇಕು. ಸ್ಪೇರ್ಸ್ ಅವರೇ, ಆ 300ರಲ್ಲಿ ಪೆಟ್ಟಿಗೆ ಲೆಕ್ಕದ ಹಮಾಲಿ ಸೇರಿದೆಯಾ? ಸೇರಿದ್ರೆ ತೆಗೀರಿ. ಎಷ್ಟು ಸಲ ತರಿಸಿದ್ರೂ ವರ್ಷದ ಪೆಟ್ಟಿಗೆಗಳು ಅಷ್ಟೇ, ಆ ಹಮಾಲಿ ಬದಲಾಗಲ್ಲ. ಲಾರಿ ಆಫೀಸಿಗೆ ಹೋಗಿ ಬರುವ ಆಟೋ ಬಾಡಿಗೆಯಂಥದ್ದು ಮಾತ್ರ ಇರಲಿ.

ಗದಗ_ಸ್ಪೇರ್ಸ್: ಹಮಾಲಿ ಸೇರಿಸಿಯೇ 300. ಬಿಲ್ಲು ಹುಡುಕಿ ಹೇಳ್ತೇನೆ.

ಬ್ಯಾಡಗಿ_ಮೆಣಸಿನಕಾಯಿ: ಚೀಲದ ಫೋಟೋ ಹಾಕೋದು ಹೇಗೆ ಇಲ್ಲಿ?