ಜ್ವರದ ನಂತರ ವಾಸನೆ ಹೋಗಿದೆ: ಅಮೃತಾಂಜನ ಗೊತ್ತಾಗುತ್ತದೆ, ಲವಂಗ ಗೊತ್ತಾಗುವುದಿಲ್ಲ

ಡಿಕಾಕ್ಷನ್
ನಾಲ್ಕು ತಿಂಗಳ ಹಿಂದೆ ವೈರಲ್ ಜ್ವರ ಬಂದು ಹೋಯಿತು, ಜೊತೆಗೆ ವಾಸನೆಯೂ ಹೋಯಿತು. ಮೂಗು ಕಟ್ಟಿಲ್ಲ, ಉಸಿರಾಟ ಸರಾಗವಾಗಿದೆ. ಕೆಲವು ವಾರಗಳಿಂದ ಬೆಳಿಗ್ಗೆ ಮತ್ತು ರಾತ್ರಿ ಅಮೃತಾಂಜನ, ಕರ್ಪೂರ, ಲವಂಗ, ಕಾಫಿಪುಡಿ ಮೂಸುತ್ತಿದ್ದೇನೆ. ಮೊದಲಿನ ಎರಡು ಚೆನ್ನಾಗಿ ಗೊತ್ತಾಗುತ್ತವೆ. ಲವಂಗದ ಸುಳಿವೇ ಇಲ್ಲ. ಕಾಫಿಯದು ಬೇರೆಯೇ ಸಂಕಟ: ಡಿಕಾಕ್ಷನ್ ಇಳಿಯುವಾಗ ಸುಟ್ಟ ರಬ್ಬರಿನ ಜೊತೆ ಏನೋ ಕೊಳೆತಂತೆ ನಾರುತ್ತದೆ. ಈರುಳ್ಳಿ ಒಗ್ಗರಣೆಯೂ ಹಾಗೆಯೇ. ಅರ್ಧ ವಾಸನೆ ಮರಳಿದೆ ಎಂದುಕೊಳ್ಳಲೇ, ಅಥವಾ ಇನ್ನಷ್ಟು ಕೆಡುತ್ತಿದೆಯೇ?

ಮಲೆನಾಡಿಗ
ನನಗೂ ಹೀಗೆಯೇ ಆಗಿತ್ತು. ವಾಸನೆ ಒಂದು ದಿನ ಬರುತ್ತಿತ್ತು, ಮರುದಿನ ಇರುತ್ತಿರಲಿಲ್ಲ. ಮೂಗಿನೊಳಗೆ ದುರ್ಮಾಂಸ ಬೆಳೆದಿತ್ತು. ಡಾಕ್ಟರು ಕೊಟ್ಟ ಸ್ಪ್ರೇ ಹಾಕಿದ ಮೇಲೆ ಸರಿಹೋಯಿತು. ನೀವೂ ಸ್ಪ್ರೇ ಕೇಳಿ ನೋಡಿ.

ಅಜ್ಜಿಮದ್ದು
ದಿನವೂ ಹಬೆ ತೆಗೆದುಕೊಳ್ಳಿ, ಜಿಂಕ್ ಮಾತ್ರೆ ನುಂಗಿ. ಮೂಸುವುದನ್ನಂತೂ ಬಿಡಬೇಡಿ, ಅದೇ ನಿಜವಾದ ಮದ್ದು. ವಾಸನೆ ಎಷ್ಟು ಖಾರವಾಗಿದ್ದರೆ ಅಷ್ಟು ಒಳ್ಳೆಯದು.

ಕಿವಿಮೂಗುಗಂಟಲು
ಈ ವಿಭಾಗದಲ್ಲಿ ಕೆಲಸ ಮಾಡುವವಳು ನಾನು. ಮಲೆನಾಡಿಗರದು ದಾರಿ ಮುಚ್ಚಿದ ತೊಂದರೆ, ಅದಕ್ಕೇ ವಾಸನೆ ಬಂದು ಹೋಗಿ ಮಾಡುತ್ತಿತ್ತು. ಡಿಕಾಕ್ಷನ್ ಅವರ ಮೂಗು ತೆರೆದೇ ಇದೆ. ಪೆಟ್ಟು ಬಿದ್ದಿರುವುದು ಮೂಗಿನ ಮೇಲ್ಭಾಗದಲ್ಲಿ ವಾಸನೆ ಹಿಡಿಯುವ ಪೊರೆಗೆ. ಹಬೆಯಿಂದ ಕಟ್ಟಿದ ಮೂಗು ಬಿಡುತ್ತದೆ, ಈ ಪೊರೆ ಚಿಗುರುವುದಿಲ್ಲ. ಜಿಂಕ್ ಮಾತ್ರೆಯಿಂದ ಲಾಭವಾಗುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. ಮೂಗಿಗೆ ಹಚ್ಚುವ ಜಿಂಕ್ ಜೆಲ್‌ಗಳನ್ನಂತೂ ಮುಟ್ಟಲೇಬೇಡಿ. ಅವುಗಳಿಂದ ವಾಸನೆಯೇ ಹೋಗಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2009ರಲ್ಲೇ ಎಚ್ಚರಿಸಿತ್ತು.

ಈಗ ಅಮೃತಾಂಜನದ ವಿಷಯ. ಅದರಲ್ಲಿ ನಿಮಗೆ ಗೊತ್ತಾಗುತ್ತಿರುವುದು ಬಹುಶಃ ವಾಸನೆಯಲ್ಲ, ತಂಪು. ತಂಪು, ಉರಿ, ಚುಚ್ಚುವಿಕೆಯನ್ನು ಮೆದುಳಿಗೆ ಒಯ್ಯುವುದು ಮುಖದ ಸ್ಪರ್ಶ ತಿಳಿಸುವ ನರ. ವಾಸನೆಯ ನರ ಬೇರೆ. ವಾಸನೆ ಪೂರ್ತಿ ಹೋದವರಿಗೂ ಅಮೃತಾಂಜನ ‘ಗೊತ್ತಾಗುತ್ತದೆ’. ಹಾಗಾಗಿ ಖಾರವಾದದ್ದನ್ನೇ ಆರಿಸಿದರೆ ತರಬೇತಿ ಸಿಗುವುದು ತಪ್ಪು ನರಕ್ಕೆ.

ಜರ್ಮನಿಯ ಡ್ರೆಸ್ಡೆನ್‌ನ ಥಾಮಸ್ ಹುಮ್ಮೆಲ್ ತಂಡ 2009ರಲ್ಲಿ ಪ್ರಕಟಿಸಿದ ಕ್ರಮದಲ್ಲಿ ಇದ್ದದ್ದು ಗುಲಾಬಿ, ನಿಂಬೆ, ಲವಂಗ, ನೀಲಗಿರಿ. ದಿನಕ್ಕೆ ಎರಡು ಸಲ, 12 ವಾರ. ನೀಲಗಿರಿಯಲ್ಲೂ ತಂಪು ಇದೆ, ಆದ್ದರಿಂದ ಅದೊಂದನ್ನು ನೋಡಿ ಚೇತರಿಕೆ ಅಳೆಯಬೇಡಿ. ಮುಚ್ಚಳವಿರುವ ನಾಲ್ಕು ಚಿಕ್ಕ ಗಾಜಿನ ಬಾಟಲಿಗಳಲ್ಲಿ ಹತ್ತಿ ಇಟ್ಟು, ಒಂದೊಂದಕ್ಕೂ ಒಂದು ಎಣ್ಣೆಯ ಕೆಲವು ಹನಿ ಹಾಕಿ ಹೆಸರು ಅಂಟಿಸಿ. ಪನ್ನೀರು ತೀರಾ ಸಪ್ಪೆ, ಗುಲಾಬಿ ಅತ್ತರು ಒಳ್ಳೆಯದು. ಡಬ್ಬಿಯಲ್ಲಿ ಹಳತಾದ ಲವಂಗ ಬೇಡ, ಲವಂಗದೆಣ್ಣೆ ತನ್ನಿ. ಎಣ್ಣೆ ಮೂಗಿಗೆ ತಾಗಬಾರದು. ಒಂದೊಂದನ್ನೂ ಸುಮಾರು 20 ಸೆಕೆಂಡು, ಮೊಲ ಮೂಸಿದಂತೆ ಸಣ್ಣ ಸಣ್ಣ ಉಸಿರಿನಲ್ಲಿ ಮೂಸಿ. ಆಗ ಆ ವಾಸನೆ ಮೊದಲು ಹೇಗಿತ್ತು ಎಂದು ನೆನಪಿಸಿಕೊಳ್ಳಿ. ಸ್ವಲ್ಪ ಬಿಡುವು ಕೊಟ್ಟು ಮುಂದಿನ ಬಾಟಲಿಗೆ ಹೋಗಿ.

ಕಾಫಿಯನ್ನು ಪಟ್ಟಿಯಿಂದ ತೆಗೆದುಬಿಡಿ. ಹುರಿದ ಕಾಫಿ, ಈರುಳ್ಳಿ, ಬೆಳ್ಳುಳ್ಳಿಯಲ್ಲಿ ಗಂಧಕವಿರುವ ಕೆಲವು ಅಣುಗಳು ಅತ್ಯಲ್ಪ ಪ್ರಮಾಣದಲ್ಲೂ ಮೂಗಿಗೆ ಸಿಕ್ಕಿಬಿಡುತ್ತವೆ. ಉಳಿದ ವಾಸನೆಗಳು ಸಿಗದೆ ಅವು ಮಾತ್ರ ಸಿಕ್ಕಾಗ ಹೀಗೆ ನಾರುತ್ತದೆ. ಯಾವ ವಾಸನೆಯೂ ಸಿಗದಿದ್ದ ಮೂಗಿಗೆ ಹೀಗೆ ವಿಕಾರವಾದ ವಾಸನೆ ಬರಲು ಶುರುವಾದರೆ ನರಗಳು ಮತ್ತೆ ಬೆಳೆಯುತ್ತಿವೆ ಎಂದು ನಮ್ಮಲ್ಲಿ ಅನೇಕರು ಭಾವಿಸುತ್ತೇವೆ, ಆದರೆ ಖಾತರಿ ಕೊಡಲಾರೆ. ಸದ್ಯಕ್ಕೆ ಊಟ ಆರಿದ ಮೇಲೆ ಮಾಡಿ. ಮೊಸರನ್ನ, ಒಗ್ಗರಣೆಯಿಲ್ಲದ ಕೋಸಂಬರಿ ಹೆಚ್ಚಿನವರಿಗೆ ಸಹಿಸಲು ಆಗುತ್ತವೆ.

ಡಿಕಾಕ್ಷನ್
ಎಣ್ಣೆ ತಂದೆ ಮೇಡಂ. ಎರಡನೆಯ ವಾರದಲ್ಲಿ ಲವಂಗದ ಬಾಟಲಿಯಲ್ಲಿ ‘ಏನೋ ಇದೆ’ ಅನ್ನಿಸಿತು. ಲವಂಗ ಎಂದು ಹೇಳಲಾರೆ, ಸಿಹಿ ಅನ್ನಬಹುದು. ಇದು ನಿಜವೋ, ಚೀಟಿ ಓದಿದ ಪ್ರಭಾವವೋ?

ಕಿವಿಮೂಗುಗಂಟಲು
ಪರೀಕ್ಷಿಸಿ ನೋಡಬಹುದು. ಒಂದೇ ಥರದ ಮೂರು ಬಾಟಲಿಗಳಲ್ಲಿ ಒಂದಕ್ಕೆ ಮಾತ್ರ ಲವಂಗದೆಣ್ಣೆ, ಎರಡರಲ್ಲಿ ಬರೀ ಹತ್ತಿ. ಮನೆಯವರು ಬದಲಿಸಿ ಕೊಡಲಿ, ನೀವು ಕಣ್ಣು ಮುಚ್ಚಿ ಲವಂಗದ್ದು ಯಾವುದು ಎಂದು ಹೇಳಿ. ಹತ್ತು ಸಲ ಮಾಡಿ. ಸುಮ್ಮನೆ ಊಹಿಸಿದರೂ ಮೂರು ನಾಲ್ಕು ಸರಿಯಾಗುತ್ತವೆ. ಎಂಟು ಒಂಬತ್ತು ಬಂದರೆ ಮೂಗು ನಿಜವಾಗಿಯೂ ಹಿಡಿಯುತ್ತಿದೆ ಎಂದರ್ಥ. ತಿಂಗಳಿಗೊಮ್ಮೆ ಸಾಕು, ದಿನವೂ ಅಳೆದರೆ ಬರೀ ಬೇಸರವಾಗುತ್ತದೆ.

ಡಿಕಾಕ್ಷನ್
ನಿನ್ನೆ ಮಗಳು ಕೊಟ್ಟಳು. ಹತ್ತಕ್ಕೆ ಏಳು.

ಅಜ್ಜಿಮದ್ದು
ತಾನಾಗಿಯೇ ವಾಸಿಯಾಗುತ್ತಿರಬಹುದಲ್ಲ? ಮೂಸಿದ್ದರಿಂದಲೇ ಎಂದು ಹೇಗೆ ಹೇಳುವುದು?

ಕಿವಿಮೂಗುಗಂಟಲು
ಒಬ್ಬರ ವಿಷಯದಲ್ಲಿ ಹೇಳಲಾಗದು. ತಾನಾಗಿ ಚೇತರಿಸುವವರೂ ಇದ್ದಾರೆ, ತಿಂಗಳುಗಟ್ಟಲೆ ಮೂಸಿದರೂ ವಾಸನೆ ಬಾರದವರೂ ಇದ್ದಾರೆ. ಗುಂಪುಗಳನ್ನು ಹೋಲಿಸಿದಾಗ ಮಾತ್ರ ತರಬೇತಿ ಪಡೆದವರದು ಮೇಲಾಗಿ ಕಂಡಿದೆ. ಏಳು ಅನ್ನುವುದು ಒಳ್ಳೆಯ ಸೂಚನೆ, ಆದರೆ ಮುಂದಿನ ತಿಂಗಳೂ ಹಾಗೆಯೇ ಬರಲಿ. 12 ವಾರ ಮುಗಿದ ಮೇಲೆ ಏಲಕ್ಕಿ, ಮಲ್ಲಿಗೆ, ಕಿತ್ತಳೆ ಸಿಪ್ಪೆಯಂಥ ಬೇರೆ ನಾಲ್ಕಕ್ಕೆ ಬದಲಿಸಿ ಮುಂದುವರಿಸಿ. ಈ ನಡುವೆ ಒಂದೇ ಹೊಳ್ಳೆಯ ವಾಸನೆ ಹೋದಂತೆ ಕಂಡರೆ ಅಥವಾ ಮೂಗಿನಿಂದ ರಕ್ತ ಬಂದರೆ ತಡಮಾಡದೆ ಡಾಕ್ಟರಿಗೆ ತೋರಿಸಿ.

ಸಿಲಿಂಡರ್ ಸೋರಿದರೆ ಈಗ ನಿಮ್ಮ ಮೂಗಿಗೆ ತಿಳಿಯದು. ಗ್ಯಾಸ್ ಸೋರಿಕೆಯ ಅಲಾರಂ ಹಾಕಿಸಿದಿರಾ?