ಬಂಗುಡೆ ಉದ್ದದ ಹಿಸ್ಟೋಗ್ರಾಂ: ಬಿನ್ ಎಷ್ಟು ಅಗಲ ಇಡುವುದು?

ಕೇಳಿದವರು: ಮಲ್ಪೆಯಲ್ಲಿ 240 ಬಂಗುಡೆ ಅಳೆದಿದ್ದೇನೆ, 14ರಿಂದ 25 ಸೆಂ.ಮೀ. ಎಲ್ಲ ಅರ್ಧ ಸೆಂ.ಮೀ. ಲೆಕ್ಕದಲ್ಲಿ ಬರೆದದ್ದು. ಬಿನ್, ಅಂದರೆ ಒಂದೊಂದು ಕಂಬದ ಅಗಲ, 5 ಸೆಂ.ಮೀ. ಇಟ್ಟರೆ ಒಂದೇ ಗುಡ್ಡ, 0.7 ಇಟ್ಟರೆ ಬಾಚಣಿಗೆ ಹಲ್ಲಿನ ಹಾಗೆ. ಅನುಭವ ಇದ್ದವರು ಹೇಳಿ.

ಕಾಪು ಮೇಷ್ಟ್ರು: ಸ್ಟರ್ಜಸ್ ಸೂತ್ರ 1926ರಿಂದ ಉಂಟು. 240ಕ್ಕೆ 9 ಬಿನ್ ಬರ್ತದೆ, ಮುಗೀತು. ನನ್ನ ಪ್ರಬಂಧದಲ್ಲಿ ಎಲ್ಲ ಚಿತ್ರಕ್ಕೂ ಅದನ್ನೇ ಹಾಕಿದ್ದು, ವೈವಾದಲ್ಲಿ ಯಾರೂ ಚಕಾರ ಎತ್ತಲಿಲ್ಲ. ಕೈಗೆ ಬಂದ ಅಗಲ ಇಟ್ಟರೆ ಬೇಕಾದ ಆಕಾರ ತರಿಸಬಹುದು.

ಬಂದರು ಬದಿ: ಮೇಷ್ಟ್ರೇ, 11 ಸೆಂ.ಮೀ.ಯನ್ನು 9 ಮಾಡಿದರೆ ತಲಾ 1.22. ಮೊದಲ ಬಿನ್ನಿಗೆ 14, 14.5, 15 ಮೂರೂ ಬಿದ್ದವು, ಪಕ್ಕದ್ದಕ್ಕೆ 15.5, 16 ಎರಡೇ. ಮೀನು ಕಡಿಮೆ ಇದ್ದದ್ದಲ್ಲ, ಬೀಳುವ ಅಳತೆಯೇ ಕಡಿಮೆ. 0.7ರಲ್ಲಿ ಇದೇ ಕಥೆ ಇನ್ನೂ ಜೋರು: ಒಂದಕ್ಕೆ ಎರಡು ಅಳತೆ, ಇನ್ನೊಂದಕ್ಕೆ ಒಂದೇ. ಆ ಹಲ್ಲುಗಳು ಸಮುದ್ರದ್ದಲ್ಲ, ಸ್ಕೇಲಿನದ್ದು. ಅಗಲ 0.5ರ ಗುಣಕವೇ ಇರಬೇಕು, ಗಡಿ ಎರಡು ಅಳತೆಗಳ ನಡುವೆ ಬೀಳಬೇಕು. R ಭಾಷೆಯಲ್ಲಿ ಹೀಗೆ:

```
hist(x, breaks = seq(13.75, 25.75, by = 1))
```

ನನ್ನ ವರದಿಯಲ್ಲಿ ಹೀಗೆ ಮಾಡಿದ ಮೇಲೇ 16ರ ಹತ್ತಿರ ಮರಿಗಳದ್ದು, 21ರ ಹತ್ತಿರ ದೊಡ್ಡವುಗಳದ್ದು, ಎರಡು ಗುಡ್ಡ ಎದ್ದದ್ದು. ಮೇಲಧಿಕಾರಿ ಅಗಲ ಬಿನ್ ಹಾಕಿಸಿ ಒಂದೇ ಗುಡ್ಡ ಮಾಡಿಸಿದ್ದರು. ಬಣ್ಣದ ಪುಟ, ಬೈಂಡಿಂಗ್ ಎಲ್ಲ ಮತ್ತೆ ನನ್ನ ಕಿಸೆಯಿಂದ ₹1,850. ಅದು ಇವತ್ತಿಗೂ ಉರಿಯುತ್ತದೆ.

ಸುರತ್ಕಲ್ ಅಕ್ಕ: ನಮ್ಮಲ್ಲಿ ಬಿಪಿ ರೀಡಿಂಗ್. ಸಿಸ್ಟರ್‌ಗಳು 120, 130, 140 ಎಂದೇ ಬರೆಯುವುದು. 5ರ ಬಿನ್ ಹಾಕಿದರೆ ಒಂದು ಬಿಟ್ಟು ಒಂದು ಖಾಲಿ. ಮೀಟಿಂಗಿನಲ್ಲಿ ಅದನ್ನು "ಬೇರೆ ಬೇರೆ ರೋಗಿ ಗುಂಪು" ಎಂದರು. ರಿಜಿಸ್ಟರ್ ತೆರೆದು ಕೊನೆಯ ಅಂಕೆ ತೋರಿಸಿದೆ, ಕೇಳುವವರಿಲ್ಲ.

ಕಾಪು ಮೇಷ್ಟ್ರು: ಎಂತ ಮಾರಾಯ್ರೆ, ಹಾಗಾದ್ರೆ ಫ್ರೀಡ್‌ಮನ್–ಡಯಕೋನಿಸ್ ಹಾಕಿ. 1981ರದ್ದು, ಅದಾದರೂ ಆಗ್ತದಾ?

ಬಂದರು ಬದಿ: ಅದು ಮಧ್ಯದ ಅರ್ಧ ಭಾಗದ ಹರವನ್ನು ನೋಡಿ ಅಗಲ ಹೇಳುವುದು. ಎರಡು ಗುಡ್ಡ ಇದ್ದರೆ ಹರವೇ ಹಿಗ್ಗಿರುತ್ತದೆ, ಬಿನ್ನೂ ಹಿಗ್ಗುತ್ತದೆ, ನಡುವಿನ ಕಣಿವೆ ಮುಚ್ಚಿಹೋಗುತ್ತದೆ. ಸೂತ್ರ ಕೊಟ್ಟದ್ದನ್ನು 1ಕ್ಕೋ 1.5ಕ್ಕೋ ತನ್ನಿ, ಗಡಿಯನ್ನು ಅರ್ಧ ಸೆಂ.ಮೀ. ಸರಿಸಿ ಪುನಃ ಬರೆಯಿರಿ. ಆಗಲೂ ನಿಂತ ಗುಡ್ಡವನ್ನು ಮಾತ್ರ ನಾನು ನಂಬುವುದು.

ಕಾಪು ಮೇಷ್ಟ್ರು: ಅಂದ್ರೆ ಎರಡು ಗುಡ್ಡ ಸಿಗುವವರೆಗೆ ಸರಿಸುವುದು! ಇದಕ್ಕೇ ಸೂತ್ರ ಬೇಕು ಹೇಳಿದ್ದು.

ಬಂದರು ಬದಿ: ಸಿಗುವವರೆಗೆ ಅಲ್ಲ, ಉಳಿಯುತ್ತದಾ ನೋಡಲು. ಓದಿ ಉತ್ತರ ಕೊಡಿ.

ಗಂಗೊಳ್ಳಿಯವ: ಬಿನ್ ಗಲಾಟೆ ಇರಲಿ. ಅಳೆದದ್ದು ಬಾಲದ ತುದಿವರೆಗಾ, ಕವಲಿನವರೆಗಾ? ಐಸಿನಲ್ಲಿ ಬಾಲ ಮುರಿದ ಮೀನು ಎಷ್ಟಿತ್ತು?

ಬಂದರು ಬದಿ: ತುದಿವರೆಗೇ ಅಳೆಯುವುದು.

ಗಂಗೊಳ್ಳಿಯವ: ನಿಮ್ಮಲ್ಲಿ ಇರಬಹುದು. ನಮ್ಮ ದಕ್ಕೆಯಲ್ಲಿ ಕವಲಿನವರೆಗೇ.